ಸಕಲೇಶಪುರ ದಾಟಿದ ಮೇಲೆ ವಿಡಿಯೊ ಏಕೆ ಮಸುಕಾಗುತ್ತದೆ?

ಬೆಂಗಳೂರಿನಿಂದ ಮಂಗಳೂರಿಗೆ ಹೊರಟ ಹಗಲು ರೈಲಿನಲ್ಲಿ ಹಾಸನದವರೆಗೆ ಮೊಬೈಲ್‌ನಲ್ಲಿ ಸಿನಿಮಾ ಸಲೀಸಾಗಿ ಓಡುತ್ತದೆ. ಸಕಲೇಶಪುರ ದಾಟುತ್ತಿದ್ದಂತೆ ನಾಯಕನ ಮುಖ ಚೌಕಚೌಕವಾಗಿ ಕಲಸಿಹೋಗುತ್ತದೆ. ತಮಾಷೆಯೆಂದರೆ, ಮುಖ ಗುರುತು ಸಿಗದಿದ್ದರೂ ಕೆಳಗಿನ ಸಬ್‌ಟೈಟಲ್ ಮಾತ್ರ ಸ್ಪಷ್ಟವಾಗಿಯೇ ಇರುತ್ತದೆ. ಅದು ಚಿತ್ರದ ಜೊತೆ ಬೆರೆತು ಬರುವುದಿಲ್ಲ. ಬೇರೆ ಕಡತವಾಗಿ ಬಂದು ಫೋನಿನಲ್ಲೇ ಮೂಡುತ್ತದೆ. ಹಾಗಾದರೆ ಕೆಟ್ಟಿದ್ದು ಪರದೆಯಲ್ಲ, ಚಿತ್ರದ ಗುಣಮಟ್ಟವನ್ನು ಯಾರೋ ಬೇಕೆಂದೇ ಇಳಿಸಿದ್ದಾರೆ.

ಇಳಿಸಿದ್ದು ಫೋನಿನಲ್ಲಿರುವ ಆ್ಯಪ್.

ಇಂಥ ಆ್ಯಪ್‌ಗಳಲ್ಲಿ ಸಿನಿಮಾ ಒಂದೇ ಉದ್ದದ ಕಡತವಾಗಿ ಬರುವುದಿಲ್ಲ. ಅದನ್ನು ಕೆಲವೇ ಸೆಕೆಂಡುಗಳ ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡನ್ನೂ ಹಲವು ಗುಣಮಟ್ಟಗಳಲ್ಲಿ ಸರ್ವರ್‌ನಲ್ಲಿ ಇಟ್ಟಿರುತ್ತಾರೆ. ಆ್ಯಪಲ್ ಕಂಪನಿ 2009ರಲ್ಲಿ ತಂದ ಎಚ್‌ಎಲ್‌ಎಸ್ ಪದ್ಧತಿ ನಡೆಯುವುದು ಹೀಗೆಯೇ. ತುಂಡು 6 ಸೆಕೆಂಡಿನದಾಗಿರಲಿ ಎನ್ನುವುದು ಆ ಕಂಪನಿಯ ಸಲಹೆ. ಮುಂದಿನ ತುಂಡನ್ನು ಯಾವ ಗುಣಮಟ್ಟದಲ್ಲಿ ಕೇಳಬೇಕು ಎಂದು ತೀರ್ಮಾನಿಸುವುದು ಸರ್ವರ್ ಅಲ್ಲ, ಫೋನಿನಲ್ಲಿರುವ ಪ್ಲೇಯರ್. ಅಡಾಪ್ಟಿವ್ ಬಿಟ್‌ರೇಟ್ ಎಂದರೆ ಇಷ್ಟೇ.

ತೀರ್ಮಾನಕ್ಕೆ ಆಧಾರ ಎರಡು. ಹಿಂದಿನ ತುಂಡುಗಳು ಎಷ್ಟು ಬೇಗ ಇಳಿದವು ಎಂಬುದು ಒಂದು. ನೋಡದೆ ಉಳಿದ ವಿಡಿಯೊ ಫೋನಿನಲ್ಲಿ ಎಷ್ಟು ಸೆಕೆಂಡಿನಷ್ಟು ಸಂಗ್ರಹವಿದೆ, ಅಂದರೆ ಬಫರ್ ಎಷ್ಟಿದೆ ಎಂಬುದು ಇನ್ನೊಂದು. ಸಿಗ್ನಲ್ ಕಡ್ಡಿಗಳನ್ನು ನಂಬಿ ಫಲವಿಲ್ಲ. ಅವು ತೋರಿಸುವುದು ಟವರ್‌ನ ಅಲೆ ಎಷ್ಟು ಬಲವಾಗಿ ಮುಟ್ಟುತ್ತಿದೆ ಎಂಬುದನ್ನು. ಒಂದೇ ರೈಲಿನ ನೂರಾರು ಫೋನ್‌ಗಳು ಒಟ್ಟಿಗೆ ಆ ಟವರ್‌ಗೆ ಜೋತುಬಿದ್ದಾಗ ಒಬ್ಬೊಬ್ಬರ ಪಾಲಿಗೆ ಎಷ್ಟು ವೇಗ ಸಿಗುತ್ತದೆ ಎಂಬುದನ್ನಲ್ಲ.

ಒಂದು ಲೆಕ್ಕ ನೋಡೋಣ. 720p ಗುಣಮಟ್ಟಕ್ಕೆ ಸೆಕೆಂಡಿಗೆ 2.5 ಮೆಗಾಬಿಟ್ ಬೇಕು ಎಂದುಕೊಂಡರೆ 6 ಸೆಕೆಂಡಿನ ತುಂಡು 15 ಮೆಗಾಬಿಟ್ ಆಗುತ್ತದೆ. ಹಾಸನದಲ್ಲಿ ಸೆಕೆಂಡಿಗೆ 10 ಮೆಗಾಬಿಟ್ ವೇಗವಿದ್ದರೆ ಅದು ಒಂದೂವರೆ ಸೆಕೆಂಡಿನಲ್ಲಿ ಬಂದುಬಿಡುತ್ತದೆ. ಘಾಟಿಯಲ್ಲಿ ವೇಗ 1.5 ಮೆಗಾಬಿಟ್‌ಗೆ ಕುಸಿದರೆ ಅದೇ ತುಂಡಿಗೆ 10 ಸೆಕೆಂಡು. ಅಂದರೆ 6 ಸೆಕೆಂಡಿನ ಸರಕು ಒಳಬರುವಷ್ಟರಲ್ಲಿ 10 ಸೆಕೆಂಡಿನ ಸರಕು ಖರ್ಚಾಗಿರುತ್ತದೆ. ಕೈಯಲ್ಲಿ 24 ಸೆಕೆಂಡಿನ ಬಫರ್ ಇದ್ದರೂ ಒಂದೇ ನಿಮಿಷದಲ್ಲಿ ಬರಿದು. ಆಮೇಲೆ ಚಕ್ರ ಸುತ್ತುವುದೊಂದೇ ಬಾಕಿ.

ಆ್ಯಪ್ ಅಷ್ಟು ಹೊತ್ತು ಕಾಯುವುದಿಲ್ಲ. ಸೆಕೆಂಡಿಗೆ 1 ಮೆಗಾಬಿಟ್ ಸಾಕೆನ್ನುವ 480p ತುಂಡನ್ನು ಕೇಳುತ್ತದೆ. ಅದು 4 ಸೆಕೆಂಡಿನಲ್ಲಿ ಬರುತ್ತದೆ, ಪ್ರತಿ ತುಂಡಿಗೂ 2 ಸೆಕೆಂಡು ಉಳಿತಾಯ. ವೇಗ 1.5 ಇರುವಾಗ 1ಕ್ಕೇ ತೃಪ್ತಿಪಡುವುದೂ ಬೇಕೆಂದೇ: ಆಂಡ್ರಾಯ್ಡ್‌ನಲ್ಲಿ ಬಹಳ ಬಳಕೆಯಲ್ಲಿರುವ ಎಕ್ಸೊಪ್ಲೇಯರ್, ಬೇರೆ ಸೂಚನೆ ಇಲ್ಲದಿದ್ದರೆ, ಅಳೆದ ವೇಗದ 70 ಶೇಕಡಾವನ್ನು ಮಾತ್ರ ನಂಬುತ್ತದೆ.

ಈ ಉಳಿತಾಯ ಬೇಕಾಗುವುದು ಸುರಂಗದೊಳಗೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿಲೋಮೀಟರ್ ದಾರಿಯಲ್ಲಿ 57 ಸುರಂಗಗಳಿವೆ. ಗಂಟೆಗೆ 30 ಕಿ.ಮೀ. ವೇಗದಲ್ಲಿ ಹೋಗುವ ರೈಲಿಗೆ ಅರ್ಧ ಕಿಲೋಮೀಟರಿನ ಸುರಂಗ ದಾಟಲು ಒಂದು ನಿಮಿಷ ಬೇಕು. ಆ ನಿಮಿಷದಲ್ಲಿ ಸಿಗ್ನಲ್ ಸೊನ್ನೆಯಾದರೆ ಯಾವ ಗುಣಮಟ್ಟದ ತುಂಡೂ ಬರುವುದಿಲ್ಲ. ಸಿನಿಮಾ ನಡೆಯುವುದು ಬಫರಿನ ಮೇಲೆಯೇ. ಎರಡು ಸುರಂಗಗಳ ನಡುವೆ 20 ಸೆಕೆಂಡು ಆಕಾಶ ಕಂಡಿತು, ವೇಗ ಅದೇ 1.5 ಎಂದಿಟ್ಟುಕೊಳ್ಳಿ. 720pಯಲ್ಲಿ ಅಷ್ಟರಲ್ಲಿ ಸಿಗುವುದು 12 ಸೆಕೆಂಡಿನ ವಿಡಿಯೊ, ಸೆಕೆಂಡಿಗೆ 0.3 ಮೆಗಾಬಿಟ್‌ನ 240pಯಲ್ಲಾದರೆ 100 ಸೆಕೆಂಡಿನದು. ಮಸುಕು ಮುಖವನ್ನು ಸಹಿಸಿಕೊಂಡರೆ ಮುಂದಿನ ಸುರಂಗವನ್ನು ನಿಲ್ಲದೆ ದಾಟಬಹುದು.

ಮುಂದೆ ಸುರಂಗವಿದೆ ಎಂದು ಆ್ಯಪ್‌ಗೇನೂ ತಿಳಿದಿರುವುದಿಲ್ಲ. ಬಫರ್ ಕರಗುತ್ತಿರುವುದಷ್ಟೇ ಅದಕ್ಕೆ ಕಾಣುವುದು. ವೇಗದ ಅಂದಾಜಿಗಿಂತ ಬಫರಿನ ಮಟ್ಟವನ್ನೇ ಹೆಚ್ಚು ನಂಬುವ ವಿಧಾನವನ್ನು ಸ್ಟ್ಯಾನ್‌ಫರ್ಡ್ ಮತ್ತು ನೆಟ್‌ಫ್ಲಿಕ್ಸ್‌ನ ಸಂಶೋಧಕರು 2014ರಲ್ಲಿ ಪ್ರಕಟಿಸಿದ್ದರು. ನಿಜವಾದ ವೀಕ್ಷಕರ ಮೇಲೆ ಪ್ರಯೋಗಿಸಿದಾಗ ವಿಡಿಯೊ ನಿಲ್ಲುವುದು ಕಡಿಮೆಯಾಗಿತ್ತು.

ಸುರಂಗ ಮುಗಿದು ಸಿಗ್ನಲ್ ತುಂಬಿ ಬಂದರೂ ಚಿತ್ರ ತಕ್ಷಣ ತಿಳಿಯಾಗುವುದಿಲ್ಲ ಎಂಬ ದೂರು ಇದ್ದೇ ಇದೆ. ಸಾಮಾನ್ಯವಾಗಿ ಆಗಲೇ ಇಳಿಸಿಟ್ಟ ಮಸುಕು ತುಂಡುಗಳು ಖರ್ಚಾದ ಮೇಲೆಯೇ ಹೊಸವುಗಳ ಸರದಿ. ಜೊತೆಗೆ ಪ್ಲೇಯರ್ ಇಳಿಯುವಷ್ಟು ಚುರುಕಾಗಿ ಏರುವುದಿಲ್ಲ.

ಇದರಿಂದ ಬೇಸತ್ತು ಸೆಟ್ಟಿಂಗ್ಸ್‌ನಲ್ಲಿ 1080p ಎಂದು ಒತ್ತಿ ಕೂರುವವರು ಆ್ಯಪ್‌ನ ಕೈ ಕಟ್ಟಿದಂತೆ. ಇಳಿಯಲು ಮೆಟ್ಟಿಲೇ ಇಲ್ಲದೆ ಚಿತ್ರ ನಿಂತುಬಿಡುತ್ತದೆ. ನೇರಪ್ರಸಾರದ ಕ್ರಿಕೆಟ್‌ನ ಕಷ್ಟ ಬೇರೆ. ಇನ್ನೂ ಎಸೆಯದ ಚೆಂಡನ್ನು ಮುಂಚಿತವಾಗಿ ಇಳಿಸಿಡಲು ಬರುವುದಿಲ್ಲವಾದ್ದರಿಂದ ಬಫರ್ ಕೆಲವೇ ಸೆಕೆಂಡುಗಳದ್ದು. ಸಿನಿಮಾಕ್ಕೂ ಮಿತಿಯಿದೆ: ಎಕ್ಸೊಪ್ಲೇಯರ್ ತಾನಾಗಿ ಕೂಡಿಡುವುದು ಸುಮಾರು 50 ಸೆಕೆಂಡಿನಷ್ಟನ್ನೇ, ನೋಡುವವರು ಮಧ್ಯದಲ್ಲೇ ಎದ್ದುಹೋದರೆ ಡೇಟಾ ದಂಡವಾಗದಿರಲಿ ಎಂದು. ಅದಕ್ಕಿಂತ ಉದ್ದದ ಕತ್ತಲೆಗೆ ಹಾಸನ ನಿಲ್ದಾಣದಲ್ಲೇ ಡೌನ್‌ಲೋಡ್ ಗುಂಡಿ ಒತ್ತಿಕೊಂಡಿರಬೇಕು.