ಉತ್ಪನ್ನ ಏರಿದರೆ ಕೆಲಸ ಇಳಿಯುತ್ತದೆಯೇ?

ಅಮೆರಿಕದ ರಾಷ್ಟ್ರೀಯ ಉತ್ಪನ್ನ 100 ಕೋಟಿ ಡಾಲರ್ ಹೆಚ್ಚಾದರೆ, ಅಲ್ಲಿ ಕೆಲಸದಲ್ಲಿರುವವರ ಸಂಖ್ಯೆ 35,800ರಷ್ಟು ಇಳಿಯುತ್ತದೆ. ಇಂಥದೊಂದು ಉತ್ತರ ಸಂಖ್ಯಾಶಾಸ್ತ್ರದ ತರಗತಿಗಳಲ್ಲಿ ಅರ್ಧ ಶತಮಾನದಿಂದ ಓಡಾಡುತ್ತಿದೆ. ಕೂಡಿ ಕಳೆದದ್ದರಲ್ಲಿ ತಪ್ಪೇನೂ ಇಲ್ಲ. ಆದರೂ ಅದನ್ನು ಯಾರೂ ನಂಬುವುದಿಲ್ಲ.

ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆಯಲ್ಲಿದ್ದ ಜೇಮ್ಸ್ ಲಾಂಗ್ಲಿ 1967ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಅವರಿಗೆ ಬೇಕಿದ್ದದ್ದು ಅರ್ಥಶಾಸ್ತ್ರವಲ್ಲ. ಆಗಿನ ಕಂಪ್ಯೂಟರ್‌ಗಳು ರಿಗ್ರೆಷನ್ ಲೆಕ್ಕವನ್ನು ಎಷ್ಟು ಸರಿಯಾಗಿ ಮಾಡುತ್ತವೆ ಎಂಬ ಪರೀಕ್ಷೆ. ಮೇಜಿನ ಮೇಲಿನ ಕ್ಯಾಲ್ಕುಲೇಟರ್‌ನಲ್ಲಿ ತಾವೇ ಮಾಡಿದ ಲೆಕ್ಕದ ಪಕ್ಕ ಇಟ್ಟು ನೋಡಿದರೆ, ಕೆಲವು ಪ್ರೋಗ್ರಾಂಗಳು ಮೊದಲ ಅಂಕಿಯಲ್ಲೇ ಎಡವಿದ್ದವು. ಅವುಗಳಿಗೆ ಅಷ್ಟು ಕಾಟ ಕೊಟ್ಟದ್ದು 16 ಸಾಲುಗಳ ಪುಟ್ಟ ಪಟ್ಟಿ: 1947ರಿಂದ 1962ರವರೆಗೆ ವರ್ಷಕ್ಕೊಂದು ಸಾಲು. ವಿವರಿಸಬೇಕಾದದ್ದು ಉದ್ಯೋಗ. ವಿವರಿಸುವ ಅಂಶಗಳು ಆರು: ಬೆಲೆ ಸೂಚ್ಯಂಕ, ಒಟ್ಟು ರಾಷ್ಟ್ರೀಯ ಉತ್ಪನ್ನ, ನಿರುದ್ಯೋಗಿಗಳು, ಸೈನಿಕರು, ಜನಸಂಖ್ಯೆ ಮತ್ತು ಇಸವಿ. R ತಂತ್ರಾಂಶದಲ್ಲಿ ಇಂದಿಗೂ `longley` ಎಂದು ಟೈಪ್ ಮಾಡಿದರೆ ಆ ಪಟ್ಟಿ ತೆರೆದುಕೊಳ್ಳುತ್ತದೆ.

ಆ ವರ್ಷಗಳಲ್ಲಿ ಅಮೆರಿಕದಲ್ಲಿ ಉತ್ಪನ್ನ, ಬೆಲೆ, ಜನಸಂಖ್ಯೆ ಎಲ್ಲವೂ ಬಹುತೇಕ ಇಸವಿಯ ಜೊತೆಜೊತೆಗೇ ಏರಿದವು. ಉತ್ಪನ್ನಕ್ಕೂ ಇಸವಿಗೂ ಇರುವ ಸಹಸಂಬಂಧ 0.995. ಜೋಡೆತ್ತು ಎಳೆದ ಗಾಡಿ ಎಷ್ಟು ದೂರ ಹೋಯಿತೆಂದು ಅಳೆಯಬಹುದು. ಯಾವ ಎತ್ತು ಎಷ್ಟು ಎಳೆಯಿತೆಂದು ದೂರ ನೋಡಿ ಹೇಳಲಾಗದು. ವಿವರಿಸುವ ಅಂಶಗಳು ಹೀಗೆ ಒಂದಕ್ಕೊಂದು ಅಂಟಿಕೊಂಡಿರುವುದಕ್ಕೇ ಮಲ್ಟಿಕೊಲಿನಿಯಾರಿಟಿ ಎನ್ನುವುದು.

ಉತ್ಪನ್ನವೊಂದನ್ನೇ ಇಟ್ಟು ಲೆಕ್ಕ ಹಾಕಿದರೆ 100 ಕೋಟಿ ಡಾಲರ್‌ಗೆ ಸುಮಾರು 34,750 ಉದ್ಯೋಗ ಹೆಚ್ಚುತ್ತದೆ. ಆರನ್ನೂ ಸೇರಿಸಿದಾಗ ಅದು ಮೈನಸ್ 35,800 ಆಗುತ್ತದೆ. ಇಷ್ಟಾದರೂ ಇಡೀ ಮಾದರಿ ಉದ್ಯೋಗದ ಏರಿಳಿತದ ಶೇ 99.5ರಷ್ಟನ್ನು ವಿವರಿಸುತ್ತದೆ! ಎರಡನೆಯ ಲೆಕ್ಕ ಕೇಳುತ್ತಿರುವ ಪ್ರಶ್ನೆಯೇ ಬೇರೆ: ಇಸವಿ, ಜನಸಂಖ್ಯೆ, ಬೆಲೆ ಎಲ್ಲವೂ ಇದ್ದಲ್ಲೇ ಇದ್ದು ಉತ್ಪನ್ನ ಮಾತ್ರ ಏರಿದರೆ ಏನಾಗುತ್ತದೆ? ಪಟ್ಟಿಯಲ್ಲಿ ಅಂಥ ವರ್ಷವೇ ಇಲ್ಲ.

ಈ ಕೊರತೆ ಎಷ್ಟೆಂದು ಅಳೆಯುವುದೇ ವೇರಿಯನ್ಸ್ ಇನ್‌ಫ್ಲೇಷನ್ ಫ್ಯಾಕ್ಟರ್, ಚಿಕ್ಕದಾಗಿ ವಿಐಎಫ್. ಉದ್ಯೋಗವನ್ನು ಬದಿಗಿಟ್ಟು, ಉಳಿದ ಐದು ಅಂಶಗಳಿಂದ ಉತ್ಪನ್ನವನ್ನೇ ಊಹಿಸಬೇಕು. ಲಾಂಗ್ಲಿ ಪಟ್ಟಿಯಲ್ಲಿ ಆ ಐದು ಸೇರಿ ಉತ್ಪನ್ನದ ಏರಿಳಿತದ ಶೇ 99.944ರಷ್ಟನ್ನು ಹೇಳಿಬಿಡುತ್ತವೆ. ಉತ್ಪನ್ನಕ್ಕೆ ತನ್ನದೇ ಎನ್ನಲು ಉಳಿಯುವುದು ಶೇ 0.056 ಮಾತ್ರ. ಒಂದನ್ನು ಆ ಉಳಿಕೆಯಿಂದ ಭಾಗಿಸಿದರೆ ವಿಐಎಫ್ ಸಿಗುತ್ತದೆ: ಸುಮಾರು 1,790. ಇದರ ವರ್ಗಮೂಲ 42. ಅಂದರೆ ಉತ್ಪನ್ನ ಉಳಿದ ಅಂಶಗಳಿಗೆ ಅಂಟಿಕೊಳ್ಳದೆ ಇದ್ದಿದ್ದರೆ ಅದರ ಗುಣಾಂಕಕ್ಕೆ ಎಷ್ಟು ಸ್ಟ್ಯಾಂಡರ್ಡ್ ಎರರ್ ಇರುತ್ತಿತ್ತೋ, ಈಗ ಅದರ 42 ಪಟ್ಟು. ಸುಮಾರು 800 ಉದ್ಯೋಗದಷ್ಟಿರಬಹುದಾಗಿದ್ದ ಅನಿಶ್ಚಿತತೆ 33,500ಕ್ಕೆ ಉಬ್ಬಿದೆ.

ಹೀಗಾಗಿ ಮೈನಸ್ 35,800 ಎಂಬ ಒಂಟಿ ಅಂಕಿಗೆ ಬೆಲೆಯಿಲ್ಲ. ಶೇ 95ರ ವಿಶ್ವಾಸ ಶ್ರೇಣಿ ಮೈನಸ್ 1.12 ಲಕ್ಷದಿಂದ ಪ್ಲಸ್ 40,000ದವರೆಗೆ ಚಾಚಿದೆ. ಇಳಿಕೆ, ಏರಿಕೆ, ಸೊನ್ನೆ ಎಲ್ಲವೂ ಇದರೊಳಗೇ ಇವೆ. ಗುಣಾಂಕ ಒಂದು ಕಡೆಗೆ ವಾಲಿದೆ ಎಂದಲ್ಲ, ಗಟ್ಟಿಯಾಗಿ ನಿಂತಿಲ್ಲ ಎಂದರ್ಥ. ‘ಉತ್ಪನ್ನದಿಂದ ಪರಿಣಾಮವಿಲ್ಲ’ ಎಂದು ವರದಿ ಬರೆಯುವುದೂ ಅಷ್ಟೇ ತಪ್ಪು. ಇದ್ದರೂ, ತೀರಾ ದೊಡ್ಡದಲ್ಲದಿದ್ದರೆ ಈ ಪಟ್ಟಿಯಲ್ಲಿ ಕಾಣುತ್ತಿರಲಿಲ್ಲ.

ವಿಐಎಫ್ 10 ದಾಟಿದ ಅಂಶವನ್ನು ಕಿತ್ತೆಸೆಯಬೇಕು ಎಂಬ ಸೂತ್ರವನ್ನು ಹಲವರು ಕಣ್ಣುಮುಚ್ಚಿ ಪಾಲಿಸುತ್ತಾರೆ. ಲಾಂಗ್ಲಿ ಪಟ್ಟಿಯಲ್ಲಿ ಇಸವಿಯ ವಿಐಎಫ್ 759. ಆದರೂ ಅದರ ಗುಣಾಂಕ ತನ್ನ ಸ್ಟ್ಯಾಂಡರ್ಡ್ ಎರರ್‌ನ ನಾಲ್ಕು ಪಟ್ಟಿದೆ. 34ರ ವಿಐಎಫ್ ಇರುವ ನಿರುದ್ಯೋಗದ್ದೂ ಹಾಗೆಯೇ. ಪರಿಣಾಮ ಸಾಕಷ್ಟು ದೊಡ್ಡದಿದ್ದರೆ ಉಬ್ಬಿದ ಎರರ್‌ನ ನಡುವೆಯೂ ಎದ್ದು ಕಾಣುತ್ತದೆ. ಆದ್ದರಿಂದ ಮೊದಲು ನೋಡಬೇಕಾದದ್ದು ಸ್ಟ್ಯಾಂಡರ್ಡ್ ಎರರ್. ಅದು ಯಾಕೆ ಹಿಗ್ಗಿತೆಂದು ಹುಡುಕುವಾಗ ವಿಐಎಫ್.

ಬೆಲೆ ಸೂಚ್ಯಂಕ ಮತ್ತು ಜನಸಂಖ್ಯೆಯನ್ನು ಕೈಬಿಟ್ಟರೆ ಉತ್ಪನ್ನದ ಸ್ಟ್ಯಾಂಡರ್ಡ್ ಎರರ್ 16,500ಕ್ಕೆ, ಅಂದರೆ ಅರ್ಧಕ್ಕೆ ಇಳಿಯುತ್ತದೆ. ಆದರೆ ಗುಣಾಂಕ ಮೈನಸ್ 40,200ರಲ್ಲಿ ನಿಲ್ಲುತ್ತದೆ. ಈಗ ಅದಕ್ಕೆ ‘ಸಿಗ್ನಿಫಿಕೆಂಟ್’ ಎಂಬ ಪಟ್ಟವೂ ಸಿಗುತ್ತದೆ! ಬಿಟ್ಟ ಅಂಶಗಳಿಗೆ ನಿಜವಾದ ಪಾತ್ರವಿದ್ದರೆ ಅವುಗಳ ಪಾಲು ಉಳಿದವುಗಳ ಗುಣಾಂಕಕ್ಕೆ ಸೇರಿಕೊಂಡಿರುತ್ತದೆ. ಕಿರಿದಾದ ಶ್ರೇಣಿಗೆ ತೆತ್ತ ಬೆಲೆ ಇದು.

ಬರೀ ಮುಂದಿನ ವರ್ಷದ ಉದ್ಯೋಗವನ್ನು ಅಂದಾಜಿಸಲು ಹೊರಟವರಿಗೆ ಈ ಕಾಟ ಅಷ್ಟಾಗಿ ತಟ್ಟದು. ಎಲ್ಲ ಅಂಶಗಳೂ ಹಿಂದಿನಂತೆಯೇ ಒಟ್ಟಿಗೆ ಸಾಗುವವರೆಗೆ ಮಾದರಿ ಸರಿಯಾದ ಊಹೆಯನ್ನೇ ಕೊಡುತ್ತದೆ. ಬೆಲೆ ಏರುತ್ತಲೇ ಉತ್ಪನ್ನ ತೀವ್ರವಾಗಿ ಕುಸಿಯುವ ವರ್ಷವೊಂದು ಎದುರಾದರೆ ಮಾತ್ರ, ಆ 16 ಸಾಲುಗಳಲ್ಲಿ ಅದಕ್ಕೆ ಉತ್ತರವಿಲ್ಲ.