ಹತ್ತು ನಿಮಿಷದ ಕುಣಿತ, ಹದಿನೇಳು ನಿಮಿಷದ ಸರದಿ

ಕಾಲೇಜು ಸಾಂಸ್ಕೃತಿಕ ಸ್ಪರ್ಧೆಯ ಕರಪತ್ರದಲ್ಲಿ 'ಜಾನಪದ ನೃತ್ಯ: ಬೆಳಿಗ್ಗೆ 10 ಗಂಟೆಗೆ' ಎಂದು ಅಚ್ಚಾಗಿರುತ್ತದೆ. ರಾತ್ರಿ ಎಂಟೂವರೆಗೆ ಅದೇ ವೇದಿಕೆಯ ಹಿಂಬದಿಗೆ ಹೋಗಿ ನೋಡಿದರೆ, ಮಧ್ಯಾಹ್ನವೇ ಬಣ್ಣ ಹಚ್ಚಿಕೊಂಡ ವಿದ್ಯಾರ್ಥಿಗಳು ಗೋಡೆಗೊರಗಿ ಕುಳಿತಿರುತ್ತಾರೆ. ಸಭಾಂಗಣದಲ್ಲಿ ಮೂವರು ತೀರ್ಪುಗಾರರು, ಧ್ವನಿವರ್ಧಕದ ಹುಡುಗ, ಕೆಲವು ಮಂದಿ ಸಂಘಟಕರು ಮಾತ್ರ ಉಳಿದಿರುತ್ತಾರೆ. ಕೊನೆಯ ಬಸ್ಸು ತಪ್ಪುತ್ತದೆಂದು ದೂರದ ತಾಲ್ಲೂಕಿನಿಂದ ಬಂದ ತಂಡದ ಉಪನ್ಯಾಸಕರು ಗಡಿಯಾರ ನೋಡುತ್ತಿರುತ್ತಾರೆ. ತಂಡಗಳು ಸಮಯ ಮೀರಿ ಕುಣಿದವು ಎಂಬುದೇ ಇದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ. ಹಲವು ವರ್ಷ ಸಮಯಪಾಲಕನ ಮೇಜಿನ ಹಿಂದೆ ಕುಳಿತ ಅನುಭವದಿಂದ ಹೇಳುವುದಾದರೆ, ಆ ಕಾರಣ ಬಹುತೇಕ ಸಂದರ್ಭಗಳಲ್ಲಿ ನಿಜವಲ್ಲ. ಸಮಯ ಸೋರಿಹೋಗುವುದು ಕುಣಿತದಲ್ಲಲ್ಲ, ಎರಡು ಕುಣಿತಗಳ ನಡುವೆ.

ಎಐಯು ಎಂದೇ ಪರಿಚಿತವಾದ ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ಯುವಜನೋತ್ಸವದ ನಿಯಮಾವಳಿಯನ್ನೇ ನಮ್ಮ ಅನೇಕ ಕಾಲೇಜುಗಳೂ ಅನುಸರಿಸುತ್ತವೆ. ಅದರಲ್ಲಿ ಮೂಕಾಭಿನಯಕ್ಕೆ 5 ನಿಮಿಷ, ಪ್ರಹಸನಕ್ಕೆ 10 ನಿಮಿಷ, ಜಾನಪದ ನೃತ್ಯಕ್ಕೆ 10 ನಿಮಿಷ, ಏಕಾಂಕ ನಾಟಕಕ್ಕೆ 30 ನಿಮಿಷದ ಮಿತಿಯಿದೆ. ಅನೇಕ ವಿಭಾಗಗಳಲ್ಲಿ ವೇದಿಕೆ ಸಜ್ಜುಗೊಳಿಸಲು ಪ್ರತ್ಯೇಕ ಸಮಯವನ್ನೂ ಕೊಡಲಾಗಿದೆ. ಸಂಘಟಕರು ಕರಪತ್ರಕ್ಕೆ ಇಳಿಸುವಾಗ ಮೊದಲನೆಯ ಸಂಖ್ಯೆಯನ್ನು ಬರೆದು ಎರಡನೆಯದನ್ನು ಮರೆಯುತ್ತಾರೆ. ಎಡವಟ್ಟು ಆರಂಭವಾಗುವುದು ಅಲ್ಲಿಂದ.

ಒಂದು ದಿನದ ಲೆಕ್ಕವನ್ನೇ ಹಾಕಿ ನೋಡೋಣ. ಒಂದೇ ಬಯಲು ವೇದಿಕೆ, 24 ತಂಡಗಳು, ಜಾನಪದ ನೃತ್ಯ. ಕುಣಿತಕ್ಕೆ 10 ನಿಮಿಷ, ಸಜ್ಜಿಕೆಗೆ 5 ನಿಮಿಷ, ತೀರ್ಪುಗಾರರು ಅಂಕ ಬರೆದು ನಿರೂಪಕರು ಮುಂದಿನ ತಂಡವನ್ನು ಕರೆಯಲು 2 ನಿಮಿಷ. ಹೀಗೆ ಒಂದು ಸರದಿಗೆ 17 ನಿಮಿಷ ಬೇಕು. 24 ತಂಡಗಳಿಗೆ 408 ನಿಮಿಷ, ಅಂದರೆ 6 ಗಂಟೆ 48 ನಿಮಿಷ. ಊಟಕ್ಕೆ 45 ನಿಮಿಷ, ಎರಡು ಚಹಾ ವಿರಾಮಕ್ಕೆ 20 ನಿಮಿಷ ಸೇರಿಸಿದರೆ ಬೆಳಿಗ್ಗೆ 10ಕ್ಕೆ ಆರಂಭವಾದ ಸ್ಪರ್ಧೆ ಸಂಜೆ 5 ಗಂಟೆ 53 ನಿಮಿಷಕ್ಕೆ ಮುಗಿಯಬೇಕು. ಇದರಲ್ಲಿ ಯಾರೂ ಒಂದು ಕ್ಷಣವನ್ನೂ ಮೀರಿಲ್ಲ.

ಈಗ ವಾಸ್ತವಕ್ಕೆ ಬರೋಣ. ಉದ್ಘಾಟನೆಗೆ ಬರಬೇಕಾದ ಅತಿಥಿ ತಡವಾಗಿ ಬಂದು, ಭಾಷಣಗಳು ಮುಗಿಯುವಷ್ಟರಲ್ಲಿ 11 ಗಂಟೆ 15 ನಿಮಿಷ. ಪ್ರತಿ ಸಜ್ಜಿಕೆಯೂ 5ರ ಬದಲು 9 ನಿಮಿಷ ತೆಗೆದುಕೊಂಡಿತು. ಮೈಕು ಸದ್ದು ಮಾಡಲಿಲ್ಲ, ತಮಟೆಯವರ ಕುರ್ಚಿ ಎಲ್ಲಿಡಬೇಕೆಂದು ಚರ್ಚೆಯಾಯಿತು, ಹಿಂದಿನ ತಂಡ ಎರಚಿದ ಹೂವಿನ ಎಸಳುಗಳನ್ನು ಗುಡಿಸಬೇಕಾಯಿತು. ಒಂದೊಂದಕ್ಕೂ ನಾಲ್ಕೇ ನಿಮಿಷದ ವಿಳಂಬ ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ 24 ತಂಡಗಳಿಗೆ ಅದು 96 ನಿಮಿಷ. ಉದ್ಘಾಟನೆಯ 75 ನಿಮಿಷ ಕೂಡಿದರೆ ಕೊನೆಯ ತಂಡ ವೇದಿಕೆಯಿಂದ ಇಳಿಯುವಾಗ ರಾತ್ರಿ 8 ಗಂಟೆ 44 ನಿಮಿಷ. ಬಯಲು ವೇದಿಕೆಗೆ ಇನ್ನೊಂದು ಗಡುವೂ ಇದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ, ವಿಶೇಷ ವಿನಾಯಿತಿ ಇಲ್ಲದಿದ್ದರೆ, ರಾತ್ರಿ 10ರ ನಂತರ ಹೊರಾಂಗಣದಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ತಂಡಗಳ ಸಂಖ್ಯೆ 30 ಆಗಿದ್ದರೆ ಕೊನೆಯವರ ಪಾಡೇನು?

ಇದಕ್ಕೆ ತಂಡಗಳ ಸಮಯ ಕತ್ತರಿಸುವುದು ಪರಿಹಾರವಲ್ಲ. ಜಾನಪದ ನೃತ್ಯದಲ್ಲಿ ಹಿಮ್ಮೇಳದವರು ಕೂರುವ ಜಾಗವೇ ಸಜ್ಜಿಕೆಯ ಸಮಯವನ್ನು ನುಂಗುತ್ತದೆ. ವೇದಿಕೆಯ ಎಡಕ್ಕೊಂದು, ಬಲಕ್ಕೊಂದು ಚಿಕ್ಕ ಕಟ್ಟೆ ಹಾಕಿ, ಎರಡರಲ್ಲೂ ಮೈಕುಗಳನ್ನು ಖಾಯಂ ಆಗಿ ನಿಲ್ಲಿಸಿದರೆ ಬೆಸ ಸಂಖ್ಯೆಯ ತಂಡಗಳು ಎಡಕ್ಕೆ, ಸಮ ಸಂಖ್ಯೆಯವು ಬಲಕ್ಕೆ ಕೂರಬಹುದು. ಒಂದು ತಂಡ ಕುಣಿಯುತ್ತಿರುವಾಗಲೇ ಮುಂದಿನ ತಂಡದ ಹಿಮ್ಮೇಳ ಸದ್ದಿಲ್ಲದೆ ತನ್ನ ಜಾಗ ಹಿಡಿಯುತ್ತದೆ. ನಾನು ಕಂಡಂತೆ ಸಜ್ಜಿಕೆ ಎರಡು ನಿಮಿಷಕ್ಕೆ ಇಳಿಯುತ್ತದೆ. ತಂಡಕ್ಕೆ 3 ನಿಮಿಷ ಉಳಿದರೂ 24 ತಂಡಗಳಿಗೆ 72 ನಿಮಿಷ ಉಳಿಯಿತು. ಧ್ವನಿಮುದ್ರಿತ ಸಂಗೀತಕ್ಕೆ ಅವಕಾಶವಿರುವ ಸ್ಪರ್ಧೆಗಳಲ್ಲಿ ಹಿಂದಿನ ದಿನ ನೋಂದಣಿಯ ವೇಳೆಯೇ ಪೆನ್‌ಡ್ರೈವ್ ಪಡೆದು ಹಾಡಿನ ಅವಧಿ ನೋಡಬೇಕು. 10 ನಿಮಿಷ 20 ಸೆಕೆಂಡಿನ ಹಾಡು ತಂದ ತಂಡ ಸಮಯ ಮೀರಲಿದೆಯೆಂದು ಆಗಲೇ ತಿಳಿಯುತ್ತದೆ. ಕತ್ತರಿಸಿಕೊಳ್ಳಲು ಅವರಿಗೆ ಒಂದು ರಾತ್ರಿ ಸಿಗುತ್ತದೆ.

ಸಮಯವನ್ನು ಎಲ್ಲಿಂದ ಎಣಿಸಬೇಕು ಎಂಬುದೇ ಜಗಳದ ಇನ್ನೊಂದು ಮೂಲ. ಮೊದಲ ತಮಟೆ ಪೆಟ್ಟಿನಿಂದಲೇ, ತಂಡ ತನ್ನನ್ನು ಪರಿಚಯಿಸಿಕೊಳ್ಳುವ ಮಾತಿನಿಂದಲೇ, ಪರದೆ ಸರಿದಾಗಿನಿಂದಲೇ? ಏಕಾಂಕ ನಾಟಕಕ್ಕೆ ಎಐಯು ನಿಯಮ ಖಾಲಿ ವೇದಿಕೆಯಿಂದ ಖಾಲಿ ವೇದಿಕೆಯವರೆಗೆ ಎನ್ನುತ್ತದೆ. ನೃತ್ಯಕ್ಕೂ ಇದನ್ನೇ ಅಳವಡಿಸುವುದು ಒಳ್ಳೆಯದು, ಸಜ್ಜಿಕೆಯನ್ನೂ ಸೇರಿಸಿ 15 ನಿಮಿಷದ ಒಂದೇ ಗಡುವು ಕೊಟ್ಟು. ಆಗ ಎರಚಿದ ಹೂವನ್ನು ಗುಡಿಸುವ ಹೊಣೆಯೂ ಎರಚಿದವರದೇ ಆಗುತ್ತದೆ. ಬರಿಗಾಲಲ್ಲಿ ಕುಣಿಯಬೇಕಾದ ಮುಂದಿನವರಿಗೆ ಇದು ಸಣ್ಣ ವಿಷಯವಲ್ಲ.

ಮೀರಿದವರಿಗೆ ಶಿಕ್ಷೆ ಏನು ಎಂಬಲ್ಲಿ ಸಂಘಟಕರು ಕಟುವಾಗಲು ಹೋಗಿ ಮೃದುವಾಗುತ್ತಾರೆ. 'ಸಮಯ ಮೀರಿದರೆ ಅನರ್ಹ' ಎಂದು ಬರೆದಿರುತ್ತಾರೆ. ಮೂರು ತಿಂಗಳು ಅಭ್ಯಾಸ ಮಾಡಿ ಬಂದ ಹದಿನೈದು ಮಕ್ಕಳನ್ನು 12 ಸೆಕೆಂಡಿಗಾಗಿ ಹೊರಗಿಡಲು ಯಾರಿಗೂ ಮನಸ್ಸು ಬರುವುದಿಲ್ಲ. ಒಮ್ಮೆ ಬಿಟ್ಟ ಮೇಲೆ ಮುಂದಿನ ತಂಡದ 2 ನಿಮಿಷವನ್ನೂ ಬಿಡಬೇಕಾಗುತ್ತದೆ. ಒಂದು ಕಾಲೇಜಿನಲ್ಲಿ ನಾನೇ ಅಂತಹ ವರದಿ ಬರೆದುಕೊಟ್ಟೆ, ಅದು ಮೇಜಿನ ಡ್ರಾಯರ್ ಸೇರಿತು, ಸಮಯ ಮೀರಿದ ತಂಡಕ್ಕೇ ಬಹುಮಾನ ಬಂತು. ನಿಯಮ ಪಾಲಿಸಲೆಂದು ತಮ್ಮ ಕೊನೆಯ ಚರಣವನ್ನೇ ಕೈಬಿಟ್ಟಿದ್ದ ತಂಡ ಎದುರಿನ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟಿತು. ಪ್ರತಿ 30 ಸೆಕೆಂಡಿಗೆ ಒಂದು ಅಂಕ ಕಡಿತ ಎಂದಿದ್ದರೆ ಆ ವರದಿಯನ್ನು ಅಡಗಿಸುವ ಅಗತ್ಯವೇ ಬೀಳುತ್ತಿರಲಿಲ್ಲ. ಕಡಿತ ಮಾಡುವವರು ತೀರ್ಪುಗಾರರಲ್ಲ, ಸಮಯಪಾಲಕರು ಎಂಬುದೂ ಬರವಣಿಗೆಯಲ್ಲಿರಬೇಕು. ಗಡಿಯಾರ ಇಬ್ಬರ ಕೈಯಲ್ಲಿರಬೇಕು, 8ನೇ ನಿಮಿಷಕ್ಕೆ ಒಂದು ಗಂಟೆ, 10ಕ್ಕೆ ಎರಡು ಗಂಟೆ ಬಾರಿಸಬೇಕು. ಡೊಳ್ಳಿನ ಸದ್ದಿನಲ್ಲಿ ಗಂಟೆ ಕೇಳದು, ಆದುದರಿಂದ ಕುಣಿಯುವವರ ಕಣ್ಣಿಗೆ ಕಾಣುವಂತೆ ಒಂದು ಕೆಂಪು ದೀಪವೂ ಬೇಕು.

ಇನ್ನು ಸರದಿಯ ಪ್ರಶ್ನೆ. ಮೊದಲ ಚೀಟಿ ಬಂದ ತಂಡ ಮುಖ ಸಪ್ಪೆ ಮಾಡಿಕೊಳ್ಳುವುದನ್ನು ಎಲ್ಲರೂ ನೋಡಿದ್ದೇವೆ. ಅದು ಬರಿಯ ಮೂಢನಂಬಿಕೆಯಲ್ಲ. ಬ್ರಸೆಲ್ಸ್‌ನ ಪ್ರಖ್ಯಾತ ಕ್ವೀನ್ ಎಲಿಸಬೆತ್ ಸಂಗೀತ ಸ್ಪರ್ಧೆಯ ಅಂತಿಮ ಸುತ್ತಿನಲ್ಲಿ 12 ಮಂದಿ, ದಿನಕ್ಕಿಬ್ಬರಂತೆ, ಆರು ದಿನ ನುಡಿಸುತ್ತಿದ್ದರು. ಸರದಿಯನ್ನು ಚೀಟಿ ಎತ್ತಿ ನಿರ್ಧರಿಸಲಾಗುತ್ತಿತ್ತು. ರೆನಾಟೋ ಫ್ಲೋರೆಸ್ ಮತ್ತು ವಿಕ್ಟರ್ ಗಿನ್ಸ್‌ಬರ್ಗ್ 1996ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ಮೊದಲ ದಿನ ನುಡಿಸಿದವರಿಗೆ ಮೇಲಿನ ಸ್ಥಾನ ಸಿಗುವ ಸಂಭವ ಕಡಿಮೆಯಿತ್ತು. ಯೂರೋವಿಷನ್ ಹಾಡಿನ ಸ್ಪರ್ಧೆ ಹಾಗೂ ಹಿಮದ ಮೇಲಿನ ಸ್ಕೇಟಿಂಗ್ ಕುರಿತ 2005ರ ಅಧ್ಯಯನದಲ್ಲೂ ನಂತರ ಬಂದವರಿಗೆ ಹೆಚ್ಚು ಅಂಕ ಸಿಕ್ಕಿದ್ದು ಕಂಡುಬಂತು. ಕಾರಣ ಊಹಿಸುವುದು ಕಷ್ಟವಲ್ಲ. ಮುಂದೆ ಇನ್ನೂ ಉತ್ತಮವಾದದ್ದು ಬಂದೀತೆಂದು ತೀರ್ಪುಗಾರರು ಮೊದಲಿಗೆ ಕೈ ಬಿಗಿ ಹಿಡಿಯುತ್ತಾರೆ.

ಚೀಟಿ ಎತ್ತುವುದರಿಂದ ಈ ಅನುಕೂಲ ಅಳಿಯುವುದಿಲ್ಲ. ಅದು ಯಾರಿಗೆ ಬೀಳಬೇಕೆಂಬುದು ಅದೃಷ್ಟಕ್ಕೆ ಹೋಗುತ್ತದೆ, ಅಷ್ಟೆ. ಎರಡು ಸರಳ ಉಪಾಯಗಳಿವೆ. ಆತಿಥೇಯ ಕಾಲೇಜಿನ ತಂಡವೊಂದು ಸ್ಪರ್ಧೆಗಿಲ್ಲದೆ ಮೊದಲು ಕುಣಿಯಲಿ. ತೀರ್ಪುಗಾರರು ಅದಕ್ಕೂ ಅಂಕ ಹಾಕಿ, ತಮ್ಮೊಳಗೆ ಹೋಲಿಸಿಕೊಂಡು, ಆ ಹಾಳೆಯನ್ನು ಬದಿಗಿಡಲಿ. ಕೈಬಿಗಿತ ಅಲ್ಲಿಗೇ ಒಂದಷ್ಟು ಸಡಿಲವಾಗುತ್ತದೆ. ಎರಡನೆಯದಾಗಿ, ಮೂಕಾಭಿನಯ, ಪ್ರಹಸನ, ಜಾನಪದ ನೃತ್ಯ ಮೂರಕ್ಕೂ ಬೇರೆ ಬೇರೆ ಚೀಟಿ ಎತ್ತುವ ಬದಲು ಒಮ್ಮೆ ಎತ್ತಿ, ಪ್ರತಿ ಸ್ಪರ್ಧೆಗೆ 8 ಕೂಡಿಸುತ್ತಾ ಹೋಗಬೇಕು. 24 ದಾಟಿದರೆ 24 ಕಳೆಯಬೇಕು. ಮೂಕಾಭಿನಯದಲ್ಲಿ 3ನೆಯದಾಗಿ ಬಂದ ಕಾಲೇಜು ಪ್ರಹಸನದಲ್ಲಿ 11ನೆಯದು, ನೃತ್ಯದಲ್ಲಿ 19ನೆಯದು. 20ನೆಯದಾಗಿ ಬಂದ ಕಾಲೇಜು 4ಕ್ಕೂ ಅನಂತರ 12ಕ್ಕೂ ಹೋಗುತ್ತದೆ. ಹೀಗೆ ಪ್ರತಿ ಕಾಲೇಜಿಗೂ ಒಮ್ಮೆ ಆರಂಭದ, ಒಮ್ಮೆ ನಡುವಿನ, ಒಮ್ಮೆ ಕೊನೆಯ ಭಾಗ ದೊರೆಯುತ್ತದೆ. ಒಬ್ಬನೇ ವಿದ್ಯಾರ್ಥಿ ಎರಡು ವೇದಿಕೆಯಲ್ಲಿದ್ದರೆ ಅದನ್ನು ಚೀಟಿ ಎತ್ತುವ ಮೊದಲೇ ತಿಳಿಸಬೇಕು. ಎತ್ತಿದ ಮೇಲೆ ಹೇಳಿದರೆ ಅದು ಅಡಚಣೆಯೋ ಉಪಾಯವೋ ಎಂದು ಗೊತ್ತಾಗುವುದಿಲ್ಲ.

ಉಪಾಯಗಳಿಗೆ ನಮ್ಮಲ್ಲೇನೂ ಕೊರತೆಯಿಲ್ಲ. ಮೂರು ಬಾರಿ ಕೂಗಿದರೂ ಬಾರದ ತಂಡವನ್ನು ಕೊನೆಗೆ ಹಾಕುವುದು ನಮ್ಮ ವಾಡಿಕೆ. ಕೊನೆಯ ಸರದಿಯೇ ಲಾಭದಾಯಕವೆಂದ ಮೇಲೆ ಇದು ತಡವಾದವರಿಗೆ ಕೊಟ್ಟ ಉಡುಗೊರೆ. 4ನೇ ಸಂಖ್ಯೆಯ ತಂಡಕ್ಕೆ 'ಬಸ್ಸು ಕೆಟ್ಟಿತು' ಎಂಬ ಕಾರಣ ಸಿಗುವುದು ಸುಲಭ, 22ನೆಯದಕ್ಕೆ ಬಸ್ಸು ಎಂದೂ ಕೆಡುವುದಿಲ್ಲ. ತಡವಾದವರಿಗೆ ಊಟದ ವಿರಾಮದ ನಂತರದ ಒಂದು ಸರದಿಯನ್ನು ಮೊದಲೇ ಖಾಲಿ ಇಟ್ಟು, ಚಿಕ್ಕ ಅಂಕ ಕಡಿತದೊಂದಿಗೆ ಅಲ್ಲಿ ಅವಕಾಶ ಕೊಡುವುದು ಮೇಲು. ನಿಜವಾಗಿ ಬಸ್ಸು ಕೆಟ್ಟವರು ಕುಣಿಯದೇ ಹಿಂದಿರುಗುವುದಿಲ್ಲ.

ಗೈರುಹಾಜರಿಯಿಂದ ಇನ್ನೊಂದು ತೊಂದರೆಯಿದೆ, ಅದನ್ನು ಯಾರೂ ಗಮನಿಸುವುದಿಲ್ಲ. ಎರಡು ತಂಡಗಳು ಬಾರದಿದ್ದರೆ ಅವುಗಳ ಹಿಂದಿನ ತಂಡವನ್ನು ಅರ್ಧ ಗಂಟೆ ಮೊದಲೇ ಕರೆಯುತ್ತಾರೆ. ವೀರಗಾಸೆಯವರು ಆಗಿನ್ನೂ ವೇಷಭೂಷಣ ಕಟ್ಟಿಕೊಳ್ಳುತ್ತಿರುತ್ತಾರೆ, ಡೊಳ್ಳಿನವರು ಚರ್ಮದ ಬಿಗಿ ಸರಿಪಡಿಸುತ್ತಿರುತ್ತಾರೆ. ಸಮಯಕ್ಕೆ ಸರಿಯಾಗಿ ಬಂದವರು ಅವಸರದಲ್ಲಿ ವೇದಿಕೆಗೆ ಹತ್ತಬೇಕಾಗುತ್ತದೆ. ಪ್ರತಿ ತಂಡದ ಅಂದಾಜು ಗಂಟೆಯನ್ನು ಬಣ್ಣದ ಕೋಣೆಯ ಬಾಗಿಲಿಗೆ ಅಂಟಿಸಿ, ಅದಕ್ಕಿಂತ 15 ನಿಮಿಷಕ್ಕೂ ಮೊದಲು ಯಾರನ್ನೂ ಕರೆಯುವುದಿಲ್ಲ ಎಂದು ಅದರ ಕೆಳಗೇ ಬರೆದರೆ ಸಾಕು. ವೇದಿಕೆ ಆ ಹೊತ್ತು ಖಾಲಿ ಬಿದ್ದರೆ ಬೀಳಲಿ, ತೀರ್ಪುಗಾರರ ಚಹಾ ವಿರಾಮವನ್ನು ಅಲ್ಲಿಗೆ ತಂದರಾಯಿತು.