ಅರ್ಧ ಮಾಲು ಮೊದಲು, ಕಾಗದ ಅದಕ್ಕೂ ಮೊದಲು

ಚನ್ನಪಟ್ಟಣದ ಒಬ್ಬ ತಯಾರಕರಿಗೆ ಹುಬ್ಬಳ್ಳಿಯ ಅಂಗಡಿಯೊಂದರಿಂದ 400 ಗಿಲಕಿ, 200 ಬಳೆ ಗೋಪುರಗಳ ಆರ್ಡರ್ ಬಂದಿದೆ ಎನ್ನಿ. ದಸರಾ ವ್ಯಾಪಾರಕ್ಕೆ ಬೇಕಾದ ಮಾಲು. ಗಿಲಕಿಗಳೆಲ್ಲ ಸಿದ್ಧವಾಗಿವೆ, ಗೋಪುರಗಳು ಮಾತ್ರ 80 ಆಗಿವೆ. ಇದ್ದಷ್ಟನ್ನು ಲಾರಿಗೆ ಹಾಕಿ ಸುಮ್ಮನಾದರೆ ಅತ್ತ ಪೆಟ್ಟಿಗೆ ಬಿಚ್ಚಿದವರು ದಾರಿಯಲ್ಲಿ ಕಳುವಾಯಿತೆಂದು ಟ್ರಾನ್ಸ್‌ಪೋರ್ಟ್ ಆಫೀಸಿನವರ ಮೇಲೆ ಹರಿಹಾಯುತ್ತಾರೆ. ಆದ್ದರಿಂದ ಲಾರಿ ಹೊರಡುವ ಮೊದಲೇ ಒಂದು ಕಾಗದ ಹೋಗಬೇಕು:

“ಮಾನ್ಯರೆ, ನಿಮ್ಮ ಆರ್ಡರಿನ 400 ಗಿಲಕಿ, 80 ಬಳೆ ಗೋಪುರಗಳನ್ನು ಆರು ಪೆಟ್ಟಿಗೆಗಳಲ್ಲಿ ಆಗಸ್ಟ್ 20ರಂದು ಕಳುಹಿಸುತ್ತೇವೆ. ಉಳಿದ 120 ಗೋಪುರಗಳು ಸೆಪ್ಟೆಂಬರ್ 10ಕ್ಕೆ ಹೊರಡುತ್ತವೆ. ಅವುಗಳ ಮರ ಇನ್ನೂ ಪೂರ್ತಿ ಒಣಗಿಲ್ಲ. ಈಗಿನ ಬಿಲ್ಲು ಈ ಆರು ಪೆಟ್ಟಿಗೆಗಳಿಗೆ ಮಾತ್ರ. ಎರಡನೇ ಸಲದ ಲಾರಿ ಬಾಡಿಗೆ ನಮ್ಮದು. ಬಾಕಿ ಮಾಲು ಬೇಡವೆಂದಾದರೆ 18ರೊಳಗೆ ತಿಳಿಸಿ.”

ಮರ ಒಣಗಿಲ್ಲ ಎಂಬ ಕಾರಣವನ್ನು ಇನ್ನೊಂದು ಸಾಲು ಬಿಡಿಸಿ ಬರೆದರೂ ತಪ್ಪಿಲ್ಲ. ಈ ಆಟಿಕೆಗಳಿಗೆ ಬಳಸುವುದು ಆಲೆ ಮರ. ಹಸಿ ಮರವನ್ನು ಲಾಟಿಗೆ ಕೊಟ್ಟು ಬಳೆ ತೆಗೆದರೆ, ಆಮೇಲೆ ಒಣಗುವಾಗ ಅದು ಎಲ್ಲ ದಿಕ್ಕಿನಲ್ಲೂ ಒಂದೇ ಸಮ ಕುಗ್ಗುವುದಿಲ್ಲ. ದುಂಡಗಿದ್ದ ತೂತು ಮೊಟ್ಟೆಯಾಕಾರಕ್ಕೆ ತಿರುಗಿ, ಬಳೆ ನಡುಗಂಬದಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಗಿಲಕಿಯ ಸಣ್ಣ ತುಂಡುಗಳು ಬೇಗ ಒಣಗಿದವು, ಗೋಪುರದ ದಪ್ಪ ತುಂಡುಗಳಿಗೆ ಇನ್ನಷ್ಟು ದಿನ ಬೇಕು. ಇಷ್ಟು ಹೇಳಿದರೆ ತಡ ಏಕೆ, ಮೂರು ವಾರವೇ ಏಕೆ ಎಂದು ಕೊಳ್ಳುವವರಿಗೆ ತಿಳಿಯುತ್ತದೆ. “ಅನಿವಾರ್ಯ ಕಾರಣಗಳಿಂದ” ಎಂದು ಬರೆದರೆ ಫೋನು ಬಂದೇ ಬರುತ್ತದೆ.

ಬೇಡವೆನ್ನಲು ಅವಕಾಶ ಕೊಟ್ಟದ್ದು ಬರೀ ಸೌಜನ್ಯವಲ್ಲ. 1930ರ ಸರಕು ಮಾರಾಟ ಕಾಯಿದೆಯ 38ನೇ ಕಲಮಿನ ಪ್ರಕಾರ, ಮೊದಲೇ ಒಪ್ಪಂದವಾಗಿರದಿದ್ದರೆ ಕಂತಿನಲ್ಲಿ ಬಂದ ಮಾಲನ್ನು ಕೊಳ್ಳುವವರು ಒಪ್ಪಬೇಕಿಲ್ಲ. 37ನೇ ಕಲಮು ಕಡಿಮೆ ಬಂದ ಮಾಲನ್ನು ತಿರಸ್ಕರಿಸುವ ಹಕ್ಕನ್ನೂ ಕೊಡುತ್ತದೆ. ಇಟ್ಟುಕೊಂಡರೆ ಬಂದಷ್ಟಕ್ಕೆ ಒಪ್ಪಿದ ದರದಲ್ಲಿ ಹಣ ಕೊಡಬೇಕು. ಹಾಗಾಗಿ ಕಾಗದ ಕಳಿಸಿದ ಮೇಲೆ ಒಪ್ಪಿಗೆಯ ಉತ್ತರಕ್ಕೆ ಕಾಯುವುದು ಜಾಣತನ. ವಾಟ್ಸ್ಆ್ಯಪ್‌ನಲ್ಲಿ ಬಂದರೂ ಸರಿ, ಬರಹದಲ್ಲಿರಲಿ.

ಜಗಳ ಹೆಚ್ಚಾಗಿ ಏಳುವುದು ಮುಂಗಡದ ಲೆಕ್ಕದಲ್ಲಿ. ತೆರಿಗೆ ಬಿಟ್ಟು ಒಟ್ಟು ಆರ್ಡರ್ 86,000 ರೂಪಾಯಿಯದು, ಅರ್ಧ ಮುಂಗಡ ಬಂದಿದೆ ಎಂದಿಟ್ಟುಕೊಳ್ಳಿ. ಈಗ ಹೋಗುವ ಮಾಲು 56,000ದ್ದಾದರೆ ಅದರರ್ಧ 28,000ವನ್ನು ಈ ಬಿಲ್ಲಿನಲ್ಲಿ ಕಳೆದು, ಉಳಿದ 15,000 ಮುಂದಿನ ಬಿಲ್ಲಿಗೆ ಎಂದು ಕಾಗದದಲ್ಲೇ ತೋರಿಸಬೇಕು. ತೋರಿಸದಿದ್ದರೆ ಕೊಳ್ಳುವವರು ಇಡೀ ಮುಂಗಡವನ್ನು ಇಲ್ಲೇ ಕಳೆದು 13,000 ಮಾತ್ರ ಕಳುಹಿಸಬಹುದು.

ಪೆಟ್ಟಿಗೆಗಳ ಮೇಲಿನ ಸಂಖ್ಯೆಯೂ ಈ ಲಾರಿಯದ್ದಷ್ಟೇ ಆಗಿರಲಿ. ಮುಂದೆ ಬರುವ ಮೂರನ್ನೂ ಸೇರಿಸಿ “9ರಲ್ಲಿ 1” ಎಂದು ಬರೆದರೆ, ಲಾರಿ ರಸೀದಿಯಲ್ಲಿ ಆರು ಎಂದಿದ್ದರೂ ಇಳಿಸಿಕೊಳ್ಳುವವರು ಇನ್ನು ಮೂರು ಎಲ್ಲಿ ಎಂದು ಹುಡುಕುತ್ತಾರೆ.